ಇಪ್ಪತ್ತೊಂದು ಸಾವಿರದ ಚಾಫ್ ಕಟರ್: ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಯಂತ್ರ ಕಟ್ಟಿದ ಅನುಭವ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಮೇವು ಕತ್ತರಿಸುವ ಯಂತ್ರಗಳು, ಅಂದರೆ ಹಳ್ಳಿಗಳಲ್ಲಿ ಎಲ್ಲರೂ ಚಾಫ್ ಕಟರ್ ಎನ್ನುವ ಯಂತ್ರಗಳು, ತಯಾರಾಗುತ್ತವೆ. ಖರೀದಿ ಮತ್ತು ವೆಚ್ಚದ ಲೆಕ್ಕ ನನ್ನ ಹೊಣೆ. ನಮ್ಮ ಹಳೆಯ 3 ಎಚ್‌ಪಿ ಯಂತ್ರಕ್ಕೆ ಬೆಲೆ ನಿಗದಿಯಾದದ್ದು ಬಹುತೇಕ ಕಾರ್ಖಾನೆಗಳಲ್ಲಿ ಆಗುವ ಹಾಗೆಯೇ: ವಿನ್ಯಾಸದವರು ತಮಗೆ ಸರಿಕಂಡ ಯಂತ್ರವನ್ನು ಬರೆದರು, ನಾನು ಅದಕ್ಕೆ ತಗಲುವ ವೆಚ್ಚವನ್ನು ಕೂಡಿಸಿದೆ, ಮಾಲೀಕರು ಅದರ ಮೇಲೆ ಲಾಭ ಇಟ್ಟರು, ಡೀಲರ್ ತನ್ನ ಪಾಲನ್ನು ಸೇರಿಸಿಕೊಂಡ, ಅಷ್ಟಾದ ಮೇಲೆ ರೈತನ ಮುಂದೆ 34,000 ರೂಪಾಯಿಯ ಚೀಟಿ ಬಂತು. ಹತ್ತು ಹನ್ನೆರಡು ಸೀಮೆಹಸು ಕಟ್ಟಿದವರು ಕೊಂಡರು. ಎರಡು ಮೂರು ಹಸು ಇರುವವರು ಯಂತ್ರವನ್ನು ಸುತ್ತಿ ನೋಡಿ, ಬೆಲೆ ಕೇಳಿ, ಹಿಂದಿರುಗಿದರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಡೈರಿಗೆ ಹಾಲು ಹಾಕುವವರಲ್ಲಿ ಇಂಥವರ ಸಂಖ್ಯೆಯೇ ದೊಡ್ಡದು.

ಈ ಮನೆಗಳಿಗಾಗಿ 2 ಎಚ್‌ಪಿಯ ಹೊಸ ಯಂತ್ರವೊಂದನ್ನು ಮಾಡಬೇಕೆಂದು ತೀರ್ಮಾನವಾದಾಗ, ಈ ಬಾರಿ ಲೆಕ್ಕವನ್ನು ಇನ್ನೊಂದು ತುದಿಯಿಂದ ಆರಂಭಿಸೋಣ ಎಂದು ನಮ್ಮ ವಿನ್ಯಾಸದ ಎಂಜಿನಿಯರ್ ಸೂಚಿಸಿದರು. ಜಪಾನಿನ ಟೊಯೊಟಾ ಕಂಪನಿ 1960ರ ದಶಕದಲ್ಲಿ ರೂಢಿಗೆ ತಂದ ಟಾರ್ಗೆಟ್ ಕಾಸ್ಟಿಂಗ್, ಅಂದರೆ ಗುರಿ ವೆಚ್ಚದ ಪದ್ಧತಿಯೇ ಅದು. ಗ್ರಾಹಕ ಒಪ್ಪುವ ಬೆಲೆಯನ್ನು ಮೊದಲು ಗೊತ್ತುಮಾಡಿಕೊಂಡು, ನಮಗೆ ಬೇಕಾದ ಲಾಭವನ್ನು ಅದರಿಂದ ಕಳೆದು, ಉಳಿದ ಮೊತ್ತದೊಳಗೆ ಯಂತ್ರವನ್ನು ಬರೆಯಬೇಕು. ಕೇಳುವುದಕ್ಕೆ ಇದು ಬರೀ ಕಳೆಯುವ ಲೆಕ್ಕ. ಕಷ್ಟವಿರುವುದು ಆ ಮೊದಲ ಸಂಖ್ಯೆಯನ್ನು ಹುಡುಕುವುದರಲ್ಲಿ ಮತ್ತು ಕೊನೆಯ ಸಂಖ್ಯೆಗೆ ಬದ್ಧರಾಗಿ ನಿಲ್ಲುವುದರಲ್ಲಿ.

ಬೆಲೆ ಹುಡುಕಲು ನಾವು ಗುಬ್ಬಿ, ಮಾಲೂರು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಡೈರಿಗಳ ಮುಂದೆ ನಿಂತು ಜನರನ್ನು ಮಾತಾಡಿಸಿದೆವು. "ಇಂಥ ಯಂತ್ರಕ್ಕೆ ಎಷ್ಟು ಕೊಡುತ್ತೀರಿ?" ಎಂಬ ಪ್ರಶ್ನೆ ನಿರುಪಯುಕ್ತ. ಚೌಕಾಶಿ ಶುರುವಾಯಿತೆಂದು ತಿಳಿದು ಎಲ್ಲರೂ ಹತ್ತು ಸಾವಿರ, ಹನ್ನೆರಡು ಸಾವಿರ ಎನ್ನುತ್ತಾರೆ. ಆದ್ದರಿಂದ ಆ ಪ್ರಶ್ನೆಯನ್ನು ಬಿಟ್ಟು, ಈಗ ಮೇವನ್ನು ಹೇಗೆ ಕತ್ತರಿಸುತ್ತೀರಿ, ಯಾರು ಕತ್ತರಿಸುತ್ತಾರೆ, ಯಾವ ಯಂತ್ರವನ್ನು ನೋಡಿ ಬಿಟ್ಟು ಬಂದಿರಿ, ಏಕೆ ಬಿಟ್ಟಿರಿ ಎಂದು ಕೇಳುತ್ತಾ ಹೋದೆವು. ಆಗ ಡೀಲರುಗಳ ಬಳಿ ಇದೇ ಸಾಮರ್ಥ್ಯದ ಬೇರೆ ಯಂತ್ರಗಳು 22,500ರಿಂದ 24,000 ರೂಪಾಯಿಗೆ ಸಿಗುತ್ತಿದ್ದವು. ಅವನ್ನು ಕೊಂಡವರೂ ಇದ್ದರು, ಅಲ್ಲಿಯವರೆಗೂ ಹೋಗಿ ಕೈಯಲ್ಲಿ ತಿರುಗಿಸುವ ಚಕ್ರವನ್ನೇ ಸಾಕೆಂದು ತಂದವರೂ ಇದ್ದರು. ಈ ಎರಡು ಗುಂಪುಗಳ ನಡುವಿನ ಗೆರೆ ಎಲ್ಲಿದೆ ಎಂಬುದೇ ನಮಗೆ ಬೇಕಾಗಿದ್ದದ್ದು. ಮಾಲೂರು ಕಡೆಯ ಒಬ್ಬ ತಾಯಿ ಅದನ್ನು ನೇರವಾಗಿ ಹೇಳಿಬಿಟ್ಟರು: "ಇಪ್ಪತ್ತರ ಮೇಲೊಂದು ಅಂದ್ರೆ ಹಾಲಿನ ದುಡ್ಡಲ್ಲಿ ಹೆಂಗೋ ಹೊಂದಿಸ್ಬೋದು ಸಾರ್. ಇಪ್ಪತ್ತೈದು ಅಂದ್ರೆ ಅದ್ರಲ್ಲಿ ಒಂದು ಕಡಸು ಬರುತ್ತಲ್ಲ." ನಮ್ಮ ಯಂತ್ರದ ಸ್ಪರ್ಧಿ ಇನ್ನೊಂದು ಯಂತ್ರ ಎಂದು ನಾವು ಭಾವಿಸಿದ್ದೆವು. ಆದರೆ ಆ ಮನೆಯಲ್ಲಿ ಅದು ಒಂದು ಕಡಸಿನ ಎದುರು ತೂಗುತ್ತಿತ್ತು. ಹೀಗೆ ಬೇರೆ ಬೇರೆ ಊರಿನವರ ಮಾತು ಕೂಡಿ ಬಂದದ್ದು ತೆರಿಗೆಯೂ ಸೇರಿ 21,000 ರೂಪಾಯಿಯ ಹತ್ತಿರ.

ಮುಂದಿನದು ಕಳೆಯುವ ಲೆಕ್ಕ. ಆಗ ನಮ್ಮ ಯಂತ್ರಕ್ಕೆ ಶೇಕಡಾ 12ರ ಜಿಎಸ್‌ಟಿ ಇತ್ತು. 21,000ದಿಂದ ಅದನ್ನು ತೆಗೆದರೆ 18,750 ಉಳಿಯುತ್ತದೆ. ಡೀಲರ್ ಪಾಲು ಅದರ ಶೇಕಡಾ 16, ಅಂದರೆ 3,000 ರೂಪಾಯಿ. ಅಂಗಡಿಯಲ್ಲಿ ಜಾಗ ಕೊಟ್ಟು, ಮನೆಗೆ ಹೋಗಿ ಜೋಡಿಸಿಕೊಟ್ಟು, ಮೊದಲ ದೂರು ಬಂದಾಗ ತಾನೇ ಹೋಗಿ ನೋಡುವವನು ಅವನೇ ಆದ್ದರಿಂದ ಆ ಪಾಲನ್ನು ಮುಟ್ಟಲಿಲ್ಲ. ಕಾರ್ಖಾನೆಗೆ ಬರುವುದು 15,750. ಅದರಲ್ಲಿ ಶೇಕಡಾ 12ರ ಲಾಭ ಬೇಕೆಂದು ಮಾಲೀಕರು ಮೊದಲೇ ಪಟ್ಟು ಹಿಡಿದಿದ್ದರು. ಹಳೆಯ ಯಂತ್ರದಲ್ಲಿ ನಮಗೆ ಒಂಬತ್ತರ ಆಸುಪಾಸು ಉಳಿಯುತ್ತಿತ್ತು. ಹೊಸದಕ್ಕೆ ಪ್ಯಾಟರ್ನ್, ಡೈ, ಜಿಗ್‌ಗಳಿಗೆಂದು ಬ್ಯಾಂಕಿನಿಂದ ಸಾಲ ತರಬೇಕಾಗಿದ್ದುದರಿಂದ ಹನ್ನೆರಡಕ್ಕಿಂತ ಕಡಿಮೆಯಾದರೆ ಆ ಸಾಲ ತೀರುವುದಿಲ್ಲ ಎಂಬುದು ಅವರ ವಾದ. ಅದರ 1,890 ರೂಪಾಯಿ ಕಳೆದ ಮೇಲೆ 13,860 ಉಳಿಯಿತು. ಎರಕ, ಮೋಟಾರು, ಕೂಲಿಗಳ ಜೊತೆಗೆ ಸಾಗಣೆ, ವಾರಂಟಿಗೆ ತೆಗೆದಿಡುವ ಹಣ, ಡೈಗಳ ಪಾಲು, ಎಲ್ಲವೂ ಈ ಮೊತ್ತದೊಳಗೇ ಬರಬೇಕು. ಈ ಕೊನೆಯ ಮೂರನ್ನು ಹೊರಗಿಟ್ಟು ಬರೀ ಸಾಮಾನು ಮತ್ತು ಕೂಲಿಯ ಲೆಕ್ಕ ಹಾಕಿ ಗುರಿ ಮುಟ್ಟಿದೆವೆನ್ನುವವರನ್ನು ನಾನು ನೋಡಿದ್ದೇನೆ. ಅಂಥ ಗುರಿಯನ್ನು ಇಡುವುದೂ ಒಂದೇ, ಬಿಡುವುದೂ ಒಂದೇ.

ಈಗ ಎಂಜಿನಿಯರರ ಸರದಿ. ಹಳೆಯ ಯಂತ್ರವನ್ನೇ ಚಿಕ್ಕದು ಮಾಡಿ ಬರೆದ ಮೊದಲ ವಿನ್ಯಾಸಕ್ಕೆ ನಾನು ಹಾಕಿದ ಅಂದಾಜು 17,480 ರೂಪಾಯಿ. ಅದರಲ್ಲಿ ಮೋಟಾರಿಗೆ 4,900, ಬ್ಲೇಡು ಕೂರಿಸುವ ಫ್ಲೈವೀಲ್ ಎಂಬ ಭಾರದ ಗಾಲಿ, ಶಾಫ್ಟ್ ಮತ್ತು ಬೇರಿಂಗುಗಳಿಗೆ 3,350, ಮೇವನ್ನು ಒಳಕ್ಕೆ ಎಳೆಯುವ ರೋಲರುಗಳು ಮತ್ತು ಗೇರ್‌ಬಾಕ್ಸಿಗೆ 3,400, ಚೌಕಟ್ಟು ಮತ್ತು ಮುಚ್ಚಳಗಳಿಗೆ 2,750, ಉಳಿದದ್ದು ಪುಲ್ಲಿ, ಬೆಲ್ಟು, ಸ್ವಿಚ್ಚು, ಜೋಡಣೆಯ ಕೂಲಿ, ಸಾಗಣೆ ಮುಂತಾದವುಗಳಿಗೆ. ಗುರಿಗೂ ಅಂದಾಜಿಗೂ ನಡುವೆ 3,620 ರೂಪಾಯಿಯ ಅಂತರ. ಎಲ್ಲ ಭಾಗಗಳಲ್ಲೂ ಶೇಕಡಾ ಇಪ್ಪತ್ತರಷ್ಟು ಕತ್ತರಿಸಿ ಎಂದು ಖರೀದಿಯವನಾದ ನನಗೆ ಹೇಳುವುದು ಸುಲಭವಾಗಿತ್ತು, ಹಾಗೆ ಹೇಳಿದವರೂ ಇದ್ದರು. ಆದರೆ ಸರಬರಾಜುದಾರರ ಕತ್ತು ಹಿಸುಕಿ ಶೇಕಡಾ ಇಪ್ಪತ್ತು ಇಳಿಸಿದರೆ ಅವರು ಇಳಿಸುವುದು ಬೆಲೆಯನ್ನಲ್ಲ, ಲೋಹವನ್ನು.

ಅಂತರವನ್ನು ಎಲ್ಲಿ ಮುಚ್ಚಬೇಕು ಎಂಬುದಕ್ಕೆ ದಾರಿ ತೋರಿಸಿದ್ದು ಮತ್ತೆ ಡೈರಿಯ ಮುಂದಿನ ಮಾತುಗಳೇ. ಯಂತ್ರದ ಭಾಗಗಳ ಹೆಸರು ಹೇಳದೆ, ಅದು ಮಾಡುವ ಕೆಲಸಗಳನ್ನು ಮಾತ್ರ ರೈತರ ಮುಂದಿಟ್ಟು, ಯಾವುದು ಮುಖ್ಯ ಎಂದು ಕೇಳಿದ್ದೆವು: ಮನೆಯ ಕರೆಂಟಿನಲ್ಲಿ ನಿಲ್ಲದೆ ಓಡುವುದು, ಕೈಗೆ ಅಪಾಯವಾಗದಿರುವುದು, ದಪ್ಪ ದಂಟನ್ನೂ ಕತ್ತರಿಸುವುದು, ಕೊಟ್ಟಿಗೆಯಿಂದ ಅಂಗಳಕ್ಕೆ ತಳ್ಳಿಕೊಂಡು ಹೋಗಲು ಬರುವುದು, ಮೇವಿನ ಉದ್ದವನ್ನು ಬದಲಿಸಲು ಆಗುವುದು, ನೋಡಲು ಚೆನ್ನಾಗಿರುವುದು. ಕರೆಂಟು ಮತ್ತು ಕೈಯ ಭಯ ಎಲ್ಲರಲ್ಲೂ ಮೊದಲ ಸಾಲಿಗೆ ಬಂದವು. ಮೇವಿನ ಉದ್ದ ಬದಲಿಸುವುದು ಕೊನೆಯಲ್ಲಿತ್ತು. ಇತ್ತ ವೆಚ್ಚದ ಪಟ್ಟಿಯಲ್ಲಿ ಪ್ರತಿ ಕೆಲಸಕ್ಕೆ ಎಷ್ಟು ಹಣ ಹೋಗುತ್ತಿದೆಯೆಂದು ಹಂಚಿ ನೋಡಿದಾಗ, ರೈತರು ಕೊನೆಗಿಟ್ಟದ್ದಕ್ಕೆ ನಾವು ಮುಂದಿನ ಸಾಲಿನ ಹಣ ಕೊಡುತ್ತಿದ್ದುದು ಕಂಡಿತು.

ಹಾಗಾಗಿ ಗೇರ್‌ಬಾಕ್ಸಿನಿಂದ ಆರಂಭಿಸಿದೆವು. ಹಳೆಯ ಯಂತ್ರದಲ್ಲಿ ಒಂದು ಲಿವರ್ ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ ಎಂದು ಮೇವನ್ನು ಎಳೆಯುವ ದಿಕ್ಕನ್ನು ಬದಲಿಸುತ್ತದೆ. ಇನ್ನೊಂದು ಲಿವರ್ ಕತ್ತರಿಸುವ ಉದ್ದವನ್ನು ಸಣ್ಣದು, ದೊಡ್ಡದು ಎಂದು ಬದಲಿಸುತ್ತದೆ. ನಮ್ಮ ಹಳೆಯ ಯಂತ್ರಗಳಿರುವ ಮನೆಗಳಿಗೆ ಹೋಗಿ ನೋಡಿದಾಗ ಈ ಎರಡನೆಯ ಲಿವರಿನ ಸ್ಥಿತಿ ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ: ಮೇವಿನ ಪುಡಿ ಮತ್ತು ಗ್ರೀಸು ಸೇರಿ ಗಟ್ಟಿಯಾದ ಹಸಿರು ಕಪ್ಪು ಪದರವೊಂದು ಅದರ ಬುಡದಲ್ಲಿ ಕೂತಿತ್ತು. ಒಬ್ಬರ ಮನೆಯಲ್ಲಿ ಲಿವರಿನ ತುದಿಗೆ ಹಗ್ಗ ಕಟ್ಟಿ ಬಕೆಟ್ ನೇತುಹಾಕಿದ್ದರು. ನೇಪಿಯರ್ ಹುಲ್ಲಿಗೂ ಮುಸುಕಿನ ಜೋಳದ ದಂಟಿಗೂ ಅವರು ಒಂದೇ ಉದ್ದವನ್ನು ಬಳಸುತ್ತಿದ್ದರು. ಆದರೆ ಹಿಂದಕ್ಕೆ ತಿರುಗಿಸುವ ಲಿವರ್ ಎಲ್ಲ ಮನೆಗಳಲ್ಲೂ ಹಿಡಿದು ಹಿಡಿದು ಬಣ್ಣ ಹೋಗಿ ಹೊಳೆಯುತ್ತಿತ್ತು. ದಂಟು ಸಿಕ್ಕಿಕೊಂಡಾಗ ಅದನ್ನು ಹಿಂದಕ್ಕೆ ಬಿಡಿಸುವುದೂ ಅದೇ, ಕೈ ರೋಲರಿನ ಹತ್ತಿರ ಹೋದಾಗ ಉಳಿಸುವುದೂ ಅದೇ. ಉದ್ದ ಬದಲಿಸುವ ಗೇರುಗಳ ಜೋಡಿ, ಲಿವರ್, ಅದಕ್ಕೆಂದು ಉದ್ದವಾಗಿದ್ದ ಶಾಫ್ಟಿನ ತುಂಡು, ಮೂರನ್ನೂ ತೆಗೆದೆವು. ರಿವರ್ಸ್ ಉಳಿಯಿತು. 760 ರೂಪಾಯಿ ಇಳಿಯಿತು.

ಫ್ಲೈವೀಲಿನ ವಿಷಯ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಮೊದಲ ವಿನ್ಯಾಸದ ಫ್ಲೈವೀಲ್ 32 ಕಿಲೋ ತೂಕದ ಬೀಡುಕಬ್ಬಿಣದ ಎರಕ. ಬೆಳಗಾವಿಯ ಫೌಂಡ್ರಿಯಿಂದ ನಮಗೆ ಕಿಲೋಗೆ 95 ರೂಪಾಯಿಯಂತೆ ಬರುತ್ತಿತ್ತು. ಎರಕಕ್ಕೆ ಹಣ ಕೊಡುವುದು ತೂಕದ ಮೇಲೆ, ಆದ್ದರಿಂದ ತೂಕ ಇಳಿಸುವುದೇ ಎಲ್ಲರ ಕಣ್ಣಿಗೆ ಮೊದಲು ಬೀಳುವ ದಾರಿ. ಪರೀಕ್ಷೆಗಾಗಿ ಹಳೆಯ ಗಾಲಿಯೊಂದರ ಅಂಚನ್ನು ಲೇತಿನಲ್ಲಿ ತುರಿಸಿ 22 ಕಿಲೋಗೆ ತಂದು ಓಡಿಸಿದೆವು. 230 ವೋಲ್ಟಿನಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಆದರೆ ಸಂಜೆ ಹಳ್ಳಿಗಳಲ್ಲಿ ಎಲ್ಲ ಮನೆಯ ದೀಪ, ಮೋಟಾರು ಒಟ್ಟಿಗೆ ಓಡುವಾಗ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆಂದು ನಾವು ಮೊದಲೇ ಅಳೆದು ಬಂದಿದ್ದೆವು. ವೋಲ್ಟೇಜನ್ನು ಏರಿಳಿಸುವ ವೇರಿಯಾಕ್ ತಿರುಗಿಸಿ 190ಕ್ಕೆ ಇಳಿಸಿ, ಬಲಿತ ನೇಪಿಯರ್ ದಂಟಿನ ಕಟ್ಟನ್ನು ಕೊಟ್ಟ ಕೂಡಲೇ ಗಾಲಿ ಗೊರಗೊರ ಎಂದು ನಿಂತಿತು, ಮೋಟಾರು ಗುಂಯ್‌ಗುಡುತ್ತಾ ಬಿಸಿಯಾಗತೊಡಗಿತು.

ಕಾರಣ ಸ್ಪಷ್ಟ. ಇಂಡಕ್ಷನ್ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230ರ ಬದಲು 190 ಬಂದರೆ ಬಲ ಮೂರರಲ್ಲಿ ಎರಡು ಪಾಲಿಗೆ ಬಂದು ನಿಲ್ಲುತ್ತದೆ. ಬ್ಲೇಡು ದಂಟಿಗೆ ತಾಗುವ ಆ ಕ್ಷಣದ ಹೊಡೆತವನ್ನು ಹೊರುವುದು ಮೋಟಾರಲ್ಲ, ತಿರುಗುವ ಗಾಲಿಯಲ್ಲಿ ಕೂಡಿಟ್ಟ ಶಕ್ತಿ. ಅದನ್ನು ಕಡಿಮೆ ಮಾಡಿದರೆ ಭಾರವೆಲ್ಲ ಮೋಟಾರಿನ ಮೇಲೆ ಬೀಳುತ್ತದೆ. ಆಗ ಫ್ಲೈವೀಲಿನ ಸಾಲಿನಲ್ಲಿ ಉಳಿದ 950 ರೂಪಾಯಿ ವಾರಂಟಿಯ ಸಾಲಿನಲ್ಲಿ ಸುಟ್ಟ ವೈಂಡಿಂಗಿನ ರೂಪದಲ್ಲಿ ಹೊರಗೆ ಹೋಗುತ್ತದೆ. ಭಾಗಕ್ಕೊಂದು ಗುರಿ ಕೊಟ್ಟು ಪ್ರತಿಯೊಬ್ಬರೂ ತಮ್ಮ ಭಾಗವನ್ನು ಮಾತ್ರ ನೋಡಿಕೊಂಡರೆ ಆಗುವ ಅನಾಹುತ ಇದೇ. ನಮ್ಮ ಸಭೆಗಳಲ್ಲಿ ಗಾಲಿಯ ಹೊಣೆಗಾರನೂ ವಾರಂಟಿ ದೂರು ನೋಡುವವನೂ ಒಂದೇ ಮೇಜಿನಲ್ಲಿ ಕೂರುತ್ತಿದ್ದುದರಿಂದ ಅದು ಅಲ್ಲೇ ಸಿಕ್ಕಿಬಿತ್ತು.

ಉಪಾಯ ಬಂದದ್ದು ಫೌಂಡ್ರಿಯವರಿಂದ. ಗಾಲಿಯಲ್ಲಿ ಕೂಡುವ ಶಕ್ತಿ, ತೂಕ ಮಧ್ಯದಿಂದ ಎಷ್ಟು ದೂರವಿದೆಯೋ ಅದರ ವರ್ಗವನ್ನು ಅನುಸರಿಸುತ್ತದೆ. ಹಾಗಾಗಿ ಅಂಚಿನ ಲೋಹವನ್ನು ಮುಟ್ಟದೆ, ಮಧ್ಯದ ಗುಂಬ ಮತ್ತು ತೋಳುಗಳಲ್ಲಿ ಹಳೆಯ ದೊಡ್ಡ ಯಂತ್ರದಿಂದ ಸುಮ್ಮನೆ ಉಳಿದುಬಂದಿದ್ದ ದಪ್ಪವನ್ನು ತೆಗೆಯಬಹುದು ಎಂದರು. ತೂಕ 26 ಕಿಲೋಗೆ ಬಂತು. 190 ವೋಲ್ಟಿನ ಪರೀಕ್ಷೆಯಲ್ಲಿ ಹಳೆಯ ಗಾಲಿಗೂ ಇದಕ್ಕೂ ಕೈಗೆ ತಿಳಿಯುವಂಥ ವ್ಯತ್ಯಾಸವಿರಲಿಲ್ಲ. ಜೊತೆಗೆ, ಗಾಲಿಯ ಮುಖವನ್ನು ಪೂರ್ತಿ ತುರಿಯುವ ಬದಲು ಬ್ಲೇಡು ಕೂರುವ ಜಾಗವನ್ನಷ್ಟೇ ತುರಿಯುವುದೆಂದಾಯಿತು. ಲೋಹದಲ್ಲಿ 570, ಲೇತಿನ ಕೆಲಸದಲ್ಲಿ 180, ಒಟ್ಟು 750.

ಮೋಟಾರಿನವರು ಕೊಯಮತ್ತೂರಿನವರು. ಬೆಲೆ ಇಳಿಸಿ ಎಂದಾಗ ಅವರು ಮೊದಲು ಮುಂದಿಟ್ಟದ್ದು ತಾಮ್ರದ ಬದಲು ಅಲ್ಯೂಮಿನಿಯಂ ವೈಂಡಿಂಗ್. ಕಡಿಮೆ ವೋಲ್ಟೇಜಿನಲ್ಲಿ ಬಿಸಿಯಾಗುವ ಮೋಟಾರಿಗೆ ಅದು ಬೇಡವೆಂದೆವು. ಆಮೇಲೆ ಅವರು, ನಮ್ಮ ಮೋಟಾರು ಅವರಿಗೆ ಏಕೆ ದುಬಾರಿ ಬೀಳುತ್ತಿದೆ ಎಂದು ಹೇಳಿದರು: ನಾವು ಹಳೆಯ ಪುಲ್ಲಿಗೆ ಹೊಂದಲೆಂದು 25 ಮಿಲಿಮೀಟರಿನ ಶಾಫ್ಟ್ ಕೇಳುತ್ತಿದ್ದೆವು. ಅವರ 90 ಫ್ರೇಮಿನ ಮೋಟಾರಿಗೆ ಪ್ರಮಾಣಿತ ಶಾಫ್ಟ್ 24 ಮಿಲಿಮೀಟರು. ಒಂದು ಮಿಲಿಮೀಟರಿಗಾಗಿ ಅವರು ಪ್ರತ್ಯೇಕ ಬ್ಯಾಚ್ ಹಾಕುತ್ತಿದ್ದರು. ಹೊಸ ಪುಲ್ಲಿಯನ್ನು ಹೇಗೂ ಬರೆಯಬೇಕಾಗಿತ್ತು, 24ಕ್ಕೇ ಬರೆದೆವು. 480 ರೂಪಾಯಿ ಇಳಿಯಿತು. ಇದು ಚೌಕಾಶಿಯಿಂದ ಎಂದೂ ಸಿಗದ ಹಣ.

ಚೌಕಟ್ಟಿನಲ್ಲಿ ಆಂಗಲ್ ಬೆಸೆದು ಮಾಡುತ್ತಿದ್ದ ಕಾಲುಗಳ ಬದಲು ಬಾಗಿಸಿದ ಶೀಟಿನ ಕಾಲುಗಳನ್ನು ಬೋಲ್ಟು ಹಾಕಿ ಕೂರಿಸುವಂತೆ ಮಾಡಿದೆವು. ಕಾಲು ಬಿಚ್ಚಿ ಸಾಗಿಸಿದರೆ ಗಾಡಿಯಲ್ಲಿ ಹೆಚ್ಚು ಯಂತ್ರಗಳು ಹಿಡಿಯುವುದರಿಂದ ಸಾಗಣೆ ಮತ್ತು ಪ್ಯಾಕಿಂಗಿನಲ್ಲೂ 200 ರೂಪಾಯಿ ಇಳಿಯಿತು. ಮುಚ್ಚಳಗಳ ಬಗ್ಗೆ ಒಂದು ಸಣ್ಣ ಸಂಗತಿಯನ್ನು ಹೇಳಲೇಬೇಕು. ಶೀಟು ನಮಗೆ 2,500 ಮಿಲಿಮೀಟರು ಉದ್ದದಲ್ಲಿ ಬರುತ್ತದೆ. ಕತ್ತರಿಸಿದ ಮೇವು ಹೊರಬೀಳುವ ಕಡೆಯ ಮುಚ್ಚಳದ ತುಂಡು 640 ಮಿಲಿಮೀಟರು ಇತ್ತು. ಶೀಟಿನ ಉದ್ದಕ್ಕೆ ಮೂರೇ ತುಂಡು ಬರುತ್ತಿದ್ದವು, ಉಳಿದ ಪಟ್ಟಿ ಗುಜರಿಗೆ ಹೋಗುತ್ತಿತ್ತು. 620 ಮಾಡಿದರೆ ನಾಲ್ಕು ತುಂಡು 2,480ರಲ್ಲಿ ಮುಗಿಯುತ್ತವೆ. ಶೀಟು ಕತ್ತರಿಸುವ ನಮ್ಮ ಹಿರಿಯ ಕೆಲಸಗಾರರು ಸೀಮೆಸುಣ್ಣದಲ್ಲಿ ಶೀಟಿನ ಮೇಲೆ ಗೆರೆ ಎಳೆದು ಇದನ್ನು ತೋರಿಸಿದರು. ಅದೇ ಉತ್ಸಾಹದಲ್ಲಿ, ಮೇವು ತುಂಬುವ ಕಡೆಯ ತೊಟ್ಟಿಯನ್ನೂ ಇಪ್ಪತ್ತು ಮಿಲಿಮೀಟರು ಮೊಟಕು ಮಾಡೋಣ ಎಂಬ ಮಾತು ಬಂತು. ಅದಕ್ಕೆ ಎಂಜಿನಿಯರ್ ಒಪ್ಪಲಿಲ್ಲ. ಆ ತೊಟ್ಟಿಯ ಉದ್ದವೇ ಕೈಗೂ ರೋಲರಿಗೂ ನಡುವಿನ ಅಂತರ. ಭಾರತೀಯ ಮಾನಕ ಬ್ಯೂರೋದ ಸುರಕ್ಷತಾ ಮಾನಕ ಕೇಳುವುದೂ ಅದನ್ನೇ, ಡೈರಿಯ ಮುಂದೆ ರೈತರು ಮೊದಲ ಸಾಲಿನಲ್ಲಿಟ್ಟದ್ದೂ ಅದನ್ನೇ. ತೊಟ್ಟಿ ಹಾಗೇ ಉಳಿಯಿತು. ಕಾಲು ಮತ್ತು ಮುಚ್ಚಳಗಳಿಂದ ಒಟ್ಟು 750 ಬಂತು. ಬೋಲ್ಟುಗಳ ಅಳತೆಗಳನ್ನು ಏಳರಿಂದ ಮೂರಕ್ಕೆ ಇಳಿಸಿದ್ದರಿಂದ ಜೋಡಣೆ ಬೇಗ ಮುಗಿದು 240, ಬೆಲ್ಟು ಮುಂತಾದವುಗಳಿಂದ 90.

ಇಷ್ಟಾದರೂ 350 ರೂಪಾಯಿಯ ಅಂತರ ಉಳಿದಿತ್ತು. ಈ ಪದ್ಧತಿ ಕೈಜಾರುವುದು ಸಾಮಾನ್ಯವಾಗಿ ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಮೂರು ಸಾವಿರಕ್ಕೂ ಮೇಲೆ ಇಳಿಸಿದ್ದೇವೆ, ಇನ್ನು ಮುನ್ನೂರೈವತ್ತು ತಾನೇ, ಬೆಲೆಯನ್ನು 21,500 ಮಾಡೋಣ ಎಂದು ಮಾರಾಟದವರು ಹೇಳಿದರು. ಲಾಭವನ್ನೇ ಸ್ವಲ್ಪ ಬಿಟ್ಟುಕೊಡೋಣ ಎಂದು ಇನ್ನೊಬ್ಬರು ಹೇಳಿದರು. ಗುರಿ ಮುಟ್ಟದ ವಿನ್ಯಾಸಕ್ಕೆ ಡೈ ಮಾಡಿಸುವುದಿಲ್ಲ ಎಂದು ಮಾಲೀಕರು ಮೊದಲ ದಿನವೇ ಹೇಳಿದ್ದರು, ಆ ಮಾತಿನಿಂದ ಅವರು ಅಲುಗಲಿಲ್ಲ. ಪ್ಯಾಟರ್ನ್ ಮತ್ತು ಡೈ ಒಮ್ಮೆ ಆದ ಮೇಲೆ ಯಂತ್ರದ ಆಕಾರ ಗಟ್ಟಿಯಾಗುತ್ತದೆ. ಆಮೇಲೆ ಇಳಿಸಲು ಉಳಿಯುವುದು ಖರೀದಿಯ ಚೌಕಾಶಿ ಮಾತ್ರ.

ಉಳಿದ ಮೊತ್ತ ಸಿಕ್ಕಿದ್ದು ಮೂರನೆಯ ಬ್ಲೇಡಿನಲ್ಲಿ. ನಮ್ಮ ವಿನ್ಯಾಸದಲ್ಲಿ ಮೂರು ಬ್ಲೇಡುಗಳಿದ್ದವು, ಡೀಲರುಗಳು ಅದನ್ನೇ ಹೆಮ್ಮೆಯಿಂದ ಹೇಳಿ ಮಾರುತ್ತಾರೆ. ಎರಡು ಮಾಡಿದರೆ ಅದೇ ಉದ್ದಕ್ಕೆ ಕತ್ತರಿಸಲು ಗಾಲಿಯ ಒಂದು ಸುತ್ತಿಗೆ ಎಳೆಯುವ ಮೇವು ಮೂರರಲ್ಲಿ ಎರಡು ಪಾಲಾಗುತ್ತದೆ. ಗಂಟೆಗೆ 600 ಕಿಲೋ ಹಸಿಮೇವು ಕತ್ತರಿಸುವ ಯಂತ್ರ 400ಕ್ಕೆ ಇಳಿಯುತ್ತದೆ. ಕೇಳಿದರೆ ದೊಡ್ಡ ನಷ್ಟ. ಆದರೆ ಒಂದು ಸೀಮೆಹಸುವಿಗೆ ದಿನಕ್ಕೆ 25ರಿಂದ 30 ಕಿಲೋ ಹಸಿಮೇವು ಎಂದುಕೊಂಡರೆ, ಮೂರು ಹಸುವಿನ ಮನೆಗೆ ಬೇಕಾಗುವುದು ಹೆಚ್ಚೆಂದರೆ 90 ಕಿಲೋ. ಒಂಬತ್ತು ನಿಮಿಷದ ಕೆಲಸ ಹದಿಮೂರು ಹದಿನಾಲ್ಕು ನಿಮಿಷವಾಗುತ್ತದೆ, ಅಷ್ಟೇ. ಅದರ ಬದಲಿಗೆ ಮೋಟಾರಿನ ಹೊರೆ ಕಡಿಮೆಯಾಗುತ್ತದೆ, ರೈತರಿಗೆ ಎಲ್ಲಕ್ಕಿಂತ ಬೇಕಾಗಿದ್ದ ಗುಣವೇ ಅದು. ಎರಡು ಬ್ಲೇಡುಗಳು ಎದುರುಬದುರು ಕೂರುವುದರಿಂದ ಗಾಲಿಯ ತೂಕ ಸರಿದೂಗಿಸುವುದೂ ಸುಲಭ. ಬ್ಲೇಡು, ಬೋಲ್ಟುಗಳು, ಅದು ಕೂರುವ ಜಾಗದ ತುರಿತ, ಬ್ಯಾಲೆನ್ಸಿಂಗ್, ಎಲ್ಲ ಸೇರಿ 360 ರೂಪಾಯಿ.

ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. 21,000 ಎಂದು ಜನ ಒಪ್ಪಿದ್ದು ಯಾವ ಯಂತ್ರಕ್ಕೆ? ಬ್ಲೇಡು ತೆಗೆದದ್ದರಿಂದ ಒಪ್ಪುವ ಬೆಲೆಯೇ 20,000ಕ್ಕೆ ಇಳಿದರೆ ಗುರಿ ವೆಚ್ಚವೂ ಆರುನೂರಕ್ಕೂ ಹೆಚ್ಚು ಇಳಿಯುತ್ತದೆ, ಉಳಿಸಿದ 360 ಅದರಲ್ಲೇ ಮುಳುಗಿಹೋಗುತ್ತದೆ. ಆದ್ದರಿಂದ ಎರಡು ಬ್ಲೇಡಿನ ಮಾದರಿ ಯಂತ್ರವೊಂದನ್ನು ಗಾಡಿಗೆ ಹಾಕಿಕೊಂಡು ಮತ್ತೆ ಅದೇ ಹಳ್ಳಿಗಳಿಗೆ ಹೋದೆವು. ಬ್ಲೇಡಿನ ವಿಷಯ ಹೇಳದೆ ಅವರ ಮನೆಯ ಕರೆಂಟಿನಲ್ಲಿ, ಅವರದೇ ಮೇವನ್ನು ಕತ್ತರಿಸಿ ತೋರಿಸಿ, ಆಮೇಲೆ ಮುಚ್ಚಳ ತೆಗೆದೆವು. ಎರಡು ಮೂರು ಹಸುವಿನವರಲ್ಲಿ ಅದನ್ನು ದೊಡ್ಡ ಕೊರತೆಯೆಂದು ಎಣಿಸಿದವರು ಕಡಿಮೆ. "ನಿಲ್ದಂಗೆ ಓಡ್ತಲ್ಲ, ಅದ್ ನೋಡಿ ಮೊದ್ಲು" ಎಂದು ಚಿಂತಾಮಣಿ ಕಡೆಯ ಹಿರಿಯರೊಬ್ಬರು ಹೇಳಿದರು. ಆರೇಳು ಹಸು ಇದ್ದವರು ಬೇಡವೆಂದರು, ಅವರಿಗೆ ನಮ್ಮ ಹಳೆಯ ಯಂತ್ರವಿದೆ. ತಕರಾರು ಬಂದದ್ದು ಡೀಲರುಗಳಿಂದ. ಮೂರು ಬ್ಲೇಡು ಎಂದು ಹೇಳಿ ಮಾರುವವರಿಗೆ ಇನ್ನು ಹೇಳುವುದಕ್ಕೆ ಏನಿದೆ ಎಂಬುದು ಅವರ ಪ್ರಶ್ನೆ. ಅಂಗಡಿಯಲ್ಲಿ ವೇರಿಯಾಕ್ ಇಟ್ಟು 190 ವೋಲ್ಟಿನಲ್ಲಿ ಓಡಿಸಿ ತೋರಿಸುವ ವ್ಯವಸ್ಥೆ ಮಾಡಿಕೊಟ್ಟ ಮೇಲೆ ಹೆಚ್ಚಿನವರು ಒಪ್ಪಿದರು, ಎಲ್ಲರೂ ಅಲ್ಲ.

ಕೊನೆಯ ಅಂದಾಜು 13,850 ರೂಪಾಯಿ, ಗುರಿಗಿಂತ ಹತ್ತು ರೂಪಾಯಿ ಕಡಿಮೆ. ಆ ಹತ್ತು ರೂಪಾಯಿಯನ್ನು ಯಾರೂ ನಂಬಬಾರದು. ಡೈ ಮತ್ತು ಪ್ಯಾಟರ್ನುಗಳ 4.2 ಲಕ್ಷ ರೂಪಾಯಿಯನ್ನು 1,200 ಯಂತ್ರಗಳಿಗೆ ಹಂಚಿ ಒಂದಕ್ಕೆ 350 ಎಂದು ಹಾಕಿದ್ದೆವು. 600 ಮಾತ್ರ ಮಾರಿದರೆ ಅದೇ 700 ಆಗುತ್ತದೆ. ಗುರಿ ವೆಚ್ಚದ ಲೆಕ್ಕದಲ್ಲಿ ಅತ್ಯಂತ ಮೆತ್ತಗಿನ ಸಂಖ್ಯೆ ಎಷ್ಟು ಯಂತ್ರ ಮಾರುತ್ತೇವೆ ಎಂಬ ಈ ಅಂದಾಜು, ಮತ್ತು ಅಂತರ ಮುಚ್ಚದೆ ಕೈಸೋತವರು ಮೊದಲು ಹಿಗ್ಗಿಸುವುದೂ ಇದನ್ನೇ. ನಾವು ಮಾರಾಟದವರಿಂದ ಈ ಸಂಖ್ಯೆಯನ್ನು ಬರಹದಲ್ಲಿ ಪಡೆದು, ಅಂತರ ಕಾಣುವ ಮೊದಲೇ ಕಟ್ಟಿಹಾಕಿದ್ದೆವು.

ತಯಾರಿ ಆರಂಭವಾದ ಮೊದಲ ಲಾಟಿನ ನಿಜವಾದ ವೆಚ್ಚ 14,310 ಬಂತು. ಒಟ್ಟು ಮೊತ್ತವನ್ನಷ್ಟೇ ನೋಡಿದ್ದರೆ ಕಬ್ಬಿಣದ ಬೆಲೆ ಏರಿತು ಎಂದು ಹೇಳಿ ಸುಮ್ಮನಾಗಬಹುದಿತ್ತು. ಭಾಗವಾರು ಗುರಿಗಳ ಪಕ್ಕದಲ್ಲಿ ಭಾಗವಾರು ವೆಚ್ಚವನ್ನು ಇಟ್ಟು ನೋಡಿದಾಗ ಹೆಚ್ಚಳದ ಬಹುಪಾಲು ಎರಡೇ ಕಡೆ ಇರುವುದು ಕಂಡಿತು. ಒಂದು ಜೋಡಣೆ, ಕೈ ಪಳಗುವವರೆಗೆ ಅದು ಇದ್ದದ್ದೇ. ಇನ್ನೊಂದು ಹೊಸ ಗಾಲಿ. ದಪ್ಪ ಅಂಚಿಗೆ ತೆಳು ತೋಳು ಸೇರುವ ಜಾಗದಲ್ಲಿ ಲೋಹ ಒಂದೇ ವೇಗದಲ್ಲಿ ಆರದೆ ಒಳಗೆ ಟೊಳ್ಳಾಗುತ್ತಿತ್ತು. ಬ್ಲೇಡಿನ ಬೋಲ್ಟಿಗೆ ತೂತು ಕೊರೆಯುವಾಗ ಅದು ಬಯಲಾಗಿ, ಅಷ್ಟರವರೆಗಿನ ಲೇತಿನ ಕೆಲಸವೂ ವ್ಯರ್ಥವಾಗುತ್ತಿತ್ತು. ಫೌಂಡ್ರಿಯವರು ಆ ಸಂದಿಯನ್ನು ಸ್ವಲ್ಪ ಅಗಲವಾದ ದುಂಡು ತಿರುವಾಗಿ ಬದಲಿಸಿ, ಲೋಹ ಹರಿಯುವ ದಾರಿಯನ್ನು ಸರಿಸಿದ ಮೇಲೆ ತಿರಸ್ಕಾರ ಇಳಿಯಿತು. ಮುಂದಿನ ಲಾಟುಗಳಲ್ಲಿ ವೆಚ್ಚ ಗುರಿಯ ಹತ್ತಿರಕ್ಕೆ ಬಂದು ನಿಂತಿತು.

2025ರ ಸೆಪ್ಟೆಂಬರ್ 22ರಿಂದ ಕೃಷಿ ಯಂತ್ರಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಾಗ, ಇನ್ನು ನಮಗೆ ಉಸಿರಾಡಲು ಜಾಗ ಸಿಕ್ಕಿತು ಎಂದು ಕಾರ್ಖಾನೆಯಲ್ಲಿ ಹಲವರು ಸಂತೋಷಪಟ್ಟರು. ಆದರೆ ತೆರಿಗೆ ಎಲ್ಲರಿಗೂ ಇಳಿದಿತ್ತು. ಎದುರಿನ ಯಂತ್ರಗಳ ಬೆಲೆಯೂ ಇಳಿದು, ನಮ್ಮ ಯಂತ್ರಕ್ಕೆ ಜನ ಒಪ್ಪುವ ಬೆಲೆ 19,500ಕ್ಕೆ ಬಂತು. ಮತ್ತೆ ಮೇಲಿನಿಂದ ಕಳೆಯುತ್ತಾ ಬಂದರೆ ತೆರಿಗೆ ಬಿಟ್ಟು 18,571, ಡೀಲರ್ ಪಾಲು ಬಿಟ್ಟು 15,600, ಲಾಭ ಬಿಟ್ಟು 13,728. ಗುರಿಯೇ ನೂರ ಮೂವತ್ತು ರೂಪಾಯಿಯಷ್ಟು ಕೆಳಗೆ ಸರಿದಿತ್ತು. ಜೊತೆಗೆ ಇನ್ನೊಂದು ಖರ್ಚು ಹುಟ್ಟಿಕೊಂಡಿತು. ಮೋಟಾರು, ಎರಕ, ಶೀಟುಗಳಿಗೆ ನಾವು ಕೊಡುವುದು ಶೇಕಡಾ 18ರ ತೆರಿಗೆ, ಯಂತ್ರದ ಮೇಲೆ ಸಂಗ್ರಹಿಸುವುದು ಶೇಕಡಾ 5. ಯಂತ್ರವೊಂದಕ್ಕೆ ಸುಮಾರು ಸಾವಿರ ರೂಪಾಯಿಯ ತೆರಿಗೆ ಕ್ರೆಡಿಟ್ ನಮ್ಮ ಖಾತೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು RFD-01 ಅರ್ಜಿಯ ಮೂಲಕ ಮರಳಿ ಪಡೆಯಲು ಅವಕಾಶವಿದೆ, ಆದರೆ ಹಣ ಕೈಗೆ ಬರುವವರೆಗಿನ ಬಡ್ಡಿ ನಮ್ಮದೇ. ಒಂದು ಯಂತ್ರಕ್ಕೆ ಮೂವತ್ತು ರೂಪಾಯಿಯಷ್ಟು ಎಂದು ಅದನ್ನೂ ವೆಚ್ಚದ ಪಟ್ಟಿಗೆ ಸೇರಿಸಿದ್ದೇನೆ.

ಹೀಗೆ ಮುಚ್ಚಬೇಕಾದ ಹೊಸ ಅಂತರ ನೂರೈವತ್ತು ರೂಪಾಯಿಯ ಆಸುಪಾಸು. ಸದ್ಯ ಪರೀಕ್ಷೆಯಲ್ಲಿರುವುದು ಮೇವು ಎಳೆಯುವ ಕೆಳಗಿನ ರೋಲರಿನ ಗನ್‌ಮೆಟಲ್ ಬುಷ್‌ಗಳ ಬದಲು ನೈಲಾನ್ ಬುಷ್‌ಗಳನ್ನು ಹಾಕುವ ಪ್ರಸ್ತಾಪ. ಗ್ರೀಸು ಬೇಡದಿರುವುದು ಅದರ ಗುಣ. ಮಣ್ಣು ಮೆತ್ತಿದ ರಾಗಿ ಹುಲ್ಲಿನಲ್ಲಿ ಅದು ಎಷ್ಟು ಬೇಗ ಸವೆಯುತ್ತದೆ ಎಂಬುದು ತಿಳಿಯಬೇಕಾಗಿದೆ, ಅದಕ್ಕಾಗಿ ಗುಬ್ಬಿ ಕಡೆಯ ಕೆಲವು ಮನೆಗಳಲ್ಲಿ ಯಂತ್ರಗಳನ್ನು ಓಡಿಸಲು ಬಿಟ್ಟಿದ್ದೇವೆ. ಸುಗ್ಗಿ ಮುಗಿದ ಮೇಲೆ ಅವನ್ನು ಬಿಚ್ಚಿ, ಬುಷ್‌ಗಳನ್ನು ಅಳೆದು, ಆ ಸಾಲಿನ ವೆಚ್ಚವನ್ನು ಬದಲಿಸಬೇಕೇ ಬೇಡವೇ ಎಂದು ತೀರ್ಮಾನಿಸುತ್ತೇವೆ.